ಗೇಜಿನ ಫೋಟೊ ಓದುವಾಗ ಎಲ್ಲಿ ತಪ್ಪುತ್ತೆ

“ಗೊಬ್ಬರದ ಚೀಲದ ಫೋಟೊ ಕಳಿಸಿದರೆ ಊರಲ್ಲಿಲ್ಲದ ಮಗ ಸರಿಯಾಗಿ ಓದ್ತಾನೆ, ಫೋನೂ ಓದುತ್ತೆ. ಡ್ರಿಪ್ ಫಿಲ್ಟರಿನ ಪ್ರೆಶರ್ ಗೇಜ್ ಫೋಟೊ ಮಾತ್ರ ತಪ್ಪಾಗುತ್ತೆ, ಒಂದನ್ನು ನೋಡಿ ಮಗ 22 ಅಂದ. ಯಾಕೆ?”

ಅಣ್ಣಾ, ಚೀಲದ ಮೇಲೆ ತಿಳಿಯಬೇಕಾದ್ದೆಲ್ಲ ಅಕ್ಷರದಲ್ಲೇ ಇದೆ. ‘ಪೊಟ್ಯಾಷ್’ನ ಒಂದಕ್ಷರಕ್ಕೆ ಮಣ್ಣು ಮೆತ್ತಿದ್ದರೂ ಅಕ್ಕಪಕ್ಕದ್ದು ನೋಡಿ ಓದಿಬಿಡುತ್ತೇವೆ. ಗೇಜಿನ ಮೇಲೆ ಅಚ್ಚಾಗಿರುವುದು 0, 2, 4, 6, 8, 10 ಇಂಥ ಅಂಕಿಗಳು ಅಷ್ಟೇ. ಮೋಟಾರ್ ಓಡುತ್ತಿದ್ದರೂ ಅದೇ, ನಿಂತಿದ್ದರೂ ಅದೇ. ಫೋನ್ ಆ ಅಂಕಿಗಳನ್ನು ಓದುತ್ತೆ. ಆದರೆ ಪ್ರೆಶರ್ ಇರುವುದು ಮುಳ್ಳು ಎಷ್ಟು ತಿರುಗಿದೆ ಅನ್ನುವುದರಲ್ಲಿ. ಅದನ್ನು ಓದುವುದಲ್ಲ, ಅಳೆಯಬೇಕು. ಗಡಿಯಾರದಲ್ಲಾದರೆ ಎರಡು ಮುಳ್ಳು ಒಂದಕ್ಕೊಂದು ಸಾಕ್ಷಿ ಹೇಳುತ್ತವೆ. ನಿಮಿಷದ ಮುಳ್ಳು 12ರ ಮೇಲಿದ್ದು ಗಂಟೆ ಮುಳ್ಳು 10 ಮತ್ತು 11ರ ನಟ್ಟನಡುವೆ ಕಂಡರೆ ಏನೋ ತಪ್ಪಿದೆ ಅಂತ ಗೊತ್ತಾಗುತ್ತೆ. ಗೇಜಿಗೆ ಆ ಸಾಕ್ಷಿ ಇಲ್ಲ.

ಈ ಪ್ರಶ್ನೆಗೆ ಒಬ್ಬರು ಒಳ್ಳೆ ಕ್ಯಾಮೆರಾ ಇದ್ದರೆ ಸಾಕು ಅಂದಿದ್ದಾರೆ. ಮಸುಕು ಫೋಟೊಗೆ ಆ ಮಾತು ಸರಿ. ಆದರೆ ಜಾಸ್ತಿ ಮೋಸ ಮಾಡುವುದು ನಾವು ನಿಂತ ಜಾಗ. ನಮ್ಮ ತೋಟದ್ದು ಎರಡೂವರೆ ಇಂಚಿನ, 10 ಕೆಜಿಯ ಗೇಜ್, ಅಂದರೆ ಚದರ ಸೆಂಟಿಮೀಟರಿಗೆ 10 ಕೆಜಿ ಪ್ರೆಶರ್‌ವರೆಗೆ ತೋರಿಸುವಂಥದ್ದು. ಅದರಲ್ಲಿ ಒಂದು ಕೆಜಿಗೆ ಅಂಚಿನಲ್ಲಿ ಸುಮಾರು 12 ಮಿಲಿಮೀಟರ್ ಜಾಗ ಸಿಗುತ್ತೆ. ಮುಳ್ಳು ಡಯಲಿಗೆ ಅಂಟಿಕೊಂಡಿಲ್ಲ, ಸುಮಾರು 3 ಮಿಲಿಮೀಟರ್ ಮುಂದಿದೆ. 2 ಕೆಜಿ ಹತ್ತಿರ ಮುಳ್ಳು ಹೆಚ್ಚುಕಡಿಮೆ ಎಡಕ್ಕೆ ಅಡ್ಡ ಮಲಗಿರುತ್ತೆ. ನಿಂತುಕೊಂಡು ಮೇಲಿಂದ 45 ಡಿಗ್ರಿ ಓರೆಯಲ್ಲಿ ಫೋಟೊ ತೆಗೆದರೆ ಅದು 3 ಮಿಲಿಮೀಟರ್ ಕೆಳಗೆ, ಅಂದರೆ ಸೊನ್ನೆ ಕಡೆಗೆ ಜಾರಿದ ಹಾಗೆ ಕಾಣುತ್ತೆ. ಕಾಲು ಕೆಜಿ ಹೋಯಿತು!

ನನಗೆ ಆಗಿದ್ದೂ ಇದೇ. ಫಿಲ್ಟರಿಗೆ ನೀರು ಬರುವ ಕಡೆಯ ಗೇಜನ್ನು ನಿಂತು ತೆಗೆದೆ, 1.95 ಕಂಡಿತು. ಹೋಗುವ ಕಡೆಯದ್ದನ್ನು ಕೂತು ನೇರಕ್ಕೆ ತೆಗೆದೆ, 1.6 ಇತ್ತು. ಫಿಲ್ಟರಿನಲ್ಲಿ ಕಸ ಕಟ್ಟಿದಷ್ಟೂ ಈ ಎರಡರ ವ್ಯತ್ಯಾಸ ಜಾಸ್ತಿ. ವ್ಯತ್ಯಾಸ 0.35 ಅಲ್ವಾ, ನೀರು ಹಿಂದಕ್ಕೆ ಹರಿಸಿ ತೊಳೆಯುವ ಬ್ಯಾಕ್‌ವಾಶ್ ಈಗಲೇ ಬೇಡ ಅಂತ ಬಿಟ್ಟೆ. ಮಾರನೇ ದಿನ ಎರಡನ್ನೂ ನೇರಕ್ಕೆ ನೋಡಿದರೆ 2.2 ಮತ್ತು 1.6. ನಾನು ಅರ್ಧ ಕೆಜಿ ದಾಟಿದರೆ ಬ್ಯಾಕ್‌ವಾಶ್ ಮಾಡುವವನು. ಆಗಲೇ ಕೊನೆಯ ಸಾಲಿನ ಅಡಿಕೆ ಗಿಡಗಳಿಗೆ ಹನಿ ಕಡಿಮೆಯಾಗಿತ್ತು.

ಅದಕ್ಕೇ ಫೋನನ್ನು ಗೇಜಿನ ಮಟ್ಟಕ್ಕೆ ಇಳಿಸಿ, ಗಾಜಿಗೆ ಎದುರಾಗಿ ಹಿಡಿಯಿರಿ. ಬಿಸಿಲು ಗಾಜಿನಲ್ಲಿ ಹೊಳೆದರೆ ಕೈಯಿಂದ ನೆರಳು ಮಾಡಿ. ಸೊನ್ನೆ ಗೆರೆಯಿಂದ ಮುಳ್ಳಿನ ಚೂಪು ತುದಿವರೆಗೆ ಪೂರ್ತಿ ಕಾಣಬೇಕು. ಮುಳ್ಳಿನ ಹಿಂದಿನ ದಪ್ಪ ಬಾಲವನ್ನೇ ತುದಿ ಅಂದುಕೊಳ್ಳುವವರೂ ಇದ್ದಾರೆ.

ಕರೆಂಟ್ ಮೀಟರಿನ ಫೋಟೊದಲ್ಲೂ ಹೀಗಾಗುತ್ತಾ ಅಂತ ಕೇಳಿದ ಅಕ್ಕ, ನಿಮ್ಮದು ಅಂಕಿ ತೋರಿಸುವ ಮೀಟರ್. ಅದು ಚೀಲದ ಲೇಬಲ್ ಇದ್ದ ಹಾಗೆ, ಈ ತೊಂದರೆ ಇಲ್ಲ.

ಅಣ್ಣಾ, ನಿಮ್ಮ ಮಗ 22 ಅಂದದ್ದು ಡಯಲಿನ ಒಳಸಾಲಿನಲ್ಲಿರುವ ಪಿಎಸ್‌ಐ ಎಂಬ ಇನ್ನೊಂದು ಅಳತೆಯದ್ದು ಇರಬೇಕು, ಅಂದರೆ ಸುಮಾರು ಒಂದೂವರೆ ಕೆಜಿ. ನೀವು ಇಲ್ಲಿ ಹಾಕಿದ ಮೊದಲ ಫೋಟೊ ಮಾತ್ರ ನನಗೂ ಬಗೆಹರಿಯಲಿಲ್ಲ. ಮೋಟಾರ್ ನಿಲ್ಲಿಸಿ, ಲೈನಿನ ಪ್ರೆಶರ್ ಬಿಟ್ಟು, ಒಂದು ಫೋಟೊ ಹಾಕಿ. ಮುಳ್ಳು ಸೊನ್ನೆಗೆ ಬರದಿದ್ದರೆ ತಪ್ಪು ಫೋಟೊದ್ದಲ್ಲ, ಗೇಜಿನದ್ದೇ.