ಕನಸಿನಲ್ಲಿ ಕಾಲು ಏಳದಿದ್ದುದಕ್ಕೆ ಕಾರಣ

“ಮಾನ್ಯ ಸಂಪಾದಕರೇ, ಕನಸುಗಳ ಬಗ್ಗೆ ಬರೆದ ಲೇಖನ ಕಳುಹಿಸಿದ್ದೇನೆ. ಮುಖ್ಯ ಭಾಗ ಇದು: ‘ಉದ್ದನೆಯ ಕಾರಿಡಾರ್‌ನಲ್ಲಿ ಓಡುತ್ತಿದ್ದೆ. ಹಿಂದೆ ಯಾರೋ ಅಟ್ಟಿಸಿಕೊಂಡು ಬರುತ್ತಿದ್ದರು. ಕಾಲು ಮೇಲೇಳುತ್ತಿರಲಿಲ್ಲ. ಇದರ ಗುಟ್ಟು ಸರಳ. ನಿದ್ದೆಯಲ್ಲಿ ಸ್ನಾಯುಗಳು ನಿಶ್ಚಲವಾಗಿರುತ್ತವೆ, ಆದ್ದರಿಂದ ಕಾಲು ಏಳಲಿಲ್ಲ. ಮಿದುಳಿನ ಕಾಂಡ ಗೊತ್ತುಗುರಿಯಿಲ್ಲದ ಸಂಕೇತಗಳನ್ನು ಎಸೆಯುತ್ತದೆ, ಮಿದುಳು ಅವಕ್ಕೊಂದು ಕಥೆ ಕಟ್ಟುತ್ತದೆ. ಕನಸಿಗೆ ಯಾವ ಅರ್ಥವೂ ಇಲ್ಲವೆಂದು ವಿಜ್ಞಾನ ಸಾಬೀತುಪಡಿಸಿದೆ.’ ಪ್ರಕಟಣೆಗೆ ಅರ್ಹವೇ ಎಂದು ತಿಳಿಸಿದರೆ ಉಪಕಾರವಾಗುತ್ತದೆ.”

ಪ್ರಿಯ ಲೇಖಕರೇ,

ನಿಮ್ಮ ಭಾಷೆ ತಿಳಿಯಾಗಿದೆ, ಕಾರಿಡಾರ್ ಕಣ್ಣಿಗೆ ಕಟ್ಟುತ್ತದೆ. ಆದರೆ ಅದರ ಬೆನ್ನಿಗೇ ಬರುವ ಮೂರು ವಾಕ್ಯಗಳು ನನ್ನನ್ನು ಕೆರಳಿಸಿದವು. ಲೇಖನದ ಉಳಿದ ಭಾಗದ ಮಾತು ಆಮೇಲೆ. ಈ ಮೂರು ಸರಿಯಾಗದೆ ಅದು ನಿಲ್ಲುವುದಿಲ್ಲ.

ಮೊದಲನೆಯದು: “ಸ್ನಾಯುಗಳು ನಿಶ್ಚಲವಾಗಿರುತ್ತವೆ, ಆದ್ದರಿಂದ ಕಾಲು ಏಳಲಿಲ್ಲ.” ಇದರ ಪೂರ್ವಾರ್ಧ ನಿಜ. ಕಣ್ಣುಗುಡ್ಡೆಗಳು ಸರಸರನೆ ಚಲಿಸುವ ರೆಮ್ ನಿದ್ದೆಯಲ್ಲಿ ಮಿದುಳು ಎಚ್ಚರದಲ್ಲಿದ್ದಷ್ಟೇ ಚುರುಕಾಗಿರುತ್ತದೆ, ದೇಹ ಮಾತ್ರ ಸಡಿಲಗೊಂಡು ಬಿದ್ದಿರುತ್ತದೆ. ಮಿದುಳಿನ ಕಾಂಡದ ಪಾನ್ಸ್ ಎಂಬ ಭಾಗದಿಂದ ಹೊರಟ ತಡೆ ಬೆನ್ನುಹುರಿಗೆ ಇಳಿದು, ಸ್ನಾಯುಗಳನ್ನು ನಡೆಸುವ ನರಕೋಶಗಳನ್ನು ಸುಮ್ಮನಾಗಿಸುತ್ತದೆ. ಫ್ರಾನ್ಸಿನ ಲಿಯೋನ್ ನಗರದಲ್ಲಿ ನಿದ್ರಾ ಸಂಶೋಧಕ ಮಿಶೆಲ್ ಜೂವೆ ಬೆಕ್ಕುಗಳ ಪಾನ್ಸ್‌ನಲ್ಲಿ ಒಂದು ಸಣ್ಣ ಭಾಗವನ್ನು ಘಾಸಿಗೊಳಿಸಿದಾಗ ಆ ತಡೆ ಹೋಯಿತು. ಬೆಕ್ಕುಗಳು ರೆಮ್ ನಿದ್ದೆಯಲ್ಲಿಯೇ ಎದ್ದು, ಎದುರಿಗೆ ಇಲ್ಲದ ಬೇಟೆಯ ಮೇಲೆ ಎರಗುವಂತೆ ವರ್ತಿಸಿದವು. ಅಂದರೆ ಓಡು, ಹಾರು ಎಂಬ ಆಜ್ಞೆಗಳು ಮಿದುಳಿನಲ್ಲಿ ಹುಟ್ಟುತ್ತಲೇ ಇರುತ್ತವೆ. ಸ್ನಾಯುಗಳನ್ನು ತಲುಪುವ ಮುನ್ನ ದಾರಿಯಲ್ಲಿ ತಡೆಯಲ್ಪಡುತ್ತವೆ. ಆ ಆಜ್ಞೆಯ ಒಂದು ಪ್ರತಿ ಮಿದುಳಿನ ಮುಂಭಾಗಕ್ಕೂ ಹೋಗುವುದರಿಂದ ಮಲಗಿದವನಿಗೆ ತಾನು ಓಡುತ್ತಿದ್ದೇನೆ ಎನ್ನಿಸುತ್ತದೆ ಎಂಬುದು ಮುಂದೆ ಹೇಳಲಿರುವ ಹಾಬ್ಸನ್ ಮತ್ತು ಮೆಕಾರ್ಲಿ ಅವರ ಸಿದ್ಧಾಂತದ ವಾದ.

ಈಗ ನಿಮ್ಮ “ಆದ್ದರಿಂದ”ಕ್ಕೆ ಬನ್ನಿ. ಸ್ನಾಯುಗಳು ಸಡಿಲವಾಗುವುದು ಒಂದು ರಾತ್ರಿಯ ಸಂಗತಿಯಲ್ಲ, ರೆಮ್ ನಿದ್ದೆ ಬಂದಾಗಲೆಲ್ಲ ನಡೆಯುವಂಥದ್ದು. ಆದರೂ ಜನ ಕನಸಿನಲ್ಲಿ ಸಲೀಸಾಗಿ ಓಡುತ್ತಾರೆ, ಮೆಟ್ಟಿಲು ಹತ್ತುತ್ತಾರೆ, ಈಜುತ್ತಾರೆ, ಹಾರುತ್ತಾರೆ. ಅದೇ ಕಾರಣ ಎರಡು ಕಡೆಯೂ ಇದ್ದು, ಒಂದು ಕಡೆ ಕಾಲು ಏಳುತ್ತದೆ, ಇನ್ನೊಂದು ಕಡೆ ಏಳುವುದಿಲ್ಲ ಎಂದಾದರೆ ಆ ಕಾರಣವೊಂದೇ ಸಾಲದು. ಸ್ನಾಯುಗಳಿಂದ ಮರಳಿ ಬರಬೇಕಿದ್ದ ಸುದ್ದಿ ಬಾರದಿದ್ದುದನ್ನು ಆ ಹೊತ್ತಿನಲ್ಲಿ ಮಿದುಳು ಹೇಗೋ ಗಮನಿಸಿತೆನ್ನಿ, ಆಗ ಒಪ್ಪಬಹುದು. ಅದನ್ನು ತೋರಿಸುವುದಕ್ಕೂ ದಾರಿಯಿದೆ. ನಿದ್ರಾ ಪ್ರಯೋಗಾಲಯದಲ್ಲಿ ಕಾಲಿನ ಸ್ನಾಯುಗಳ ಚಟುವಟಿಕೆಯನ್ನು ದಾಖಲಿಸುತ್ತ ಜನರನ್ನು ಎಬ್ಬಿಸಿ ಕೇಳಬೇಕು. ಕಾಲು ಕಟ್ಟಿಹೋದ ಕನಸಿಗೂ ಸರಾಗವಾಗಿ ಓಡಿದ ಕನಸಿಗೂ ಆ ದಾಖಲೆಯಲ್ಲಿ ವ್ಯತ್ಯಾಸ ಕಾಣಬೇಕು. ಅಂಥದ್ದೇನನ್ನೂ ಮುಂದಿಡದೆ, ಒಂದು ಕನಸಿನ ಪಕ್ಕದಲ್ಲಿ ಒಂದು ಶರೀರಕ್ರಿಯೆಯನ್ನು ಕೂರಿಸಿ ನಡುವೆ “ಆದ್ದರಿಂದ” ಹಾಕಿದ್ದೀರಿ. ನಿದ್ದೆಯಲ್ಲಿ ಮಿದುಳು ಮಾಡುತ್ತದೆಂದು ನೀವು ಹೇಳುವ ಕೆಲಸವನ್ನು ಎಚ್ಚರದಲ್ಲಿ ನೀವೇ ಮಾಡಿದ್ದೀರಿ: ಕೈಗೆ ಸಿಕ್ಕ ಸಂಕೇತಕ್ಕೆ ಒಪ್ಪುವ ಕಥೆ ಕಟ್ಟುವುದು.

ನಾನು ಉಪಸಂಪಾದಕನಾಗಿ ಸೇರಿದ ಹೊಸತರಲ್ಲಿ ನಮ್ಮ ಹಿರಿಯ ಸಂಪಾದಕರು ಪ್ರತಿ ವಿಜ್ಞಾನ ಲೇಖನಕ್ಕೂ ಎರಡು ಪೆನ್ಸಿಲ್ ಕೊಡುತ್ತಿದ್ದರು. ಯಾರಾದರೂ ಕಂಡಿದ್ದು, ಅಳೆದಿದ್ದು ನೀಲಿ. ಕಂಡಿದ್ದಕ್ಕೆ ಕೊಟ್ಟ ವಿವರಣೆ ಕೆಂಪು. ಒಂದೇ ವಾಕ್ಯದಲ್ಲಿ ಎರಡೂ ಬಣ್ಣ ಬಂದರೆ ಅಲ್ಲಿ ನಿಲ್ಲು, ನಡುವಿನ ಪದವನ್ನು ಓದು ಎನ್ನುತ್ತಿದ್ದರು. ಊಟದ ವೇಳೆಯಲ್ಲಿಯೂ ಬಿಡದೆ, ಈ ಕೆಂಪಿಗೆ ಆಧಾರ ಎಲ್ಲಿ ಎಂದು ಕೇಳುತ್ತಿದ್ದರು. ಅವರಿಂದ ಕಲಿತದ್ದೇ ಇಂದಿಗೂ ನನ್ನ ಕೆಲಸದ ಕ್ರಮ. ನಿಮ್ಮ ಪುಟದಲ್ಲಿ ನಡುವಿನ ಪದ “ಆದ್ದರಿಂದ”.

ಎರಡನೆಯದು, ಗೊತ್ತುಗುರಿಯಿಲ್ಲದ ಸಂಕೇತದಿಂದ ಅರ್ಥವಿಲ್ಲದ ಕನಸಿಗೆ ನೀವು ಹಾರಿದ ಹಾರಿಕೆ. ಹಾರ್ವರ್ಡ್‌ನ ಮನೋವೈದ್ಯರಾದ ಅಲನ್ ಹಾಬ್ಸನ್ ಮತ್ತು ರಾಬರ್ಟ್ ಮೆಕಾರ್ಲಿ 1977ರಲ್ಲಿ ಆಕ್ಟಿವೇಶನ್–ಸಿಂಥೆಸಿಸ್ ಸಿದ್ಧಾಂತವನ್ನು ಮುಂದಿಟ್ಟಾಗ ಅವರ ಎದುರಿಗಿದ್ದುದು ಫ್ರಾಯ್ಡ್. ಅದುಮಿಟ್ಟ ಬಯಕೆಯೇ ಕನಸನ್ನು ಹುಟ್ಟಿಸುತ್ತದೆ, ಅದು ವೇಷ ಮರೆಸಿಕೊಂಡು ಬರುತ್ತದೆ ಎಂದಿದ್ದರು ಫ್ರಾಯ್ಡ್. ಇವರು ಹೇಳಿದ್ದು ಬೇರೆ: ಕನಸನ್ನು ಚಾಲೂ ಮಾಡುವುದು ಬಯಕೆಯಲ್ಲ, ಸುಮಾರು 90 ನಿಮಿಷಕ್ಕೊಮ್ಮೆ ಪಾನ್ಸ್‌ನ ನರಕೋಶಗಳಲ್ಲಿ ತಾನಾಗಿ ಏಳುವ ಚಟುವಟಿಕೆ. ಆ ಸಂಕೇತದಲ್ಲಿ ಹೆಚ್ಚೆಂದರೆ ಕಣ್ಣು ಹೊರಳಿತು, ದೇಹ ಚಲಿಸಿತು ಎಂಬಷ್ಟು ಇರಬಹುದು. ಕಾರಿಡಾರ್ ಇಲ್ಲ, ಅಟ್ಟಿಸಿಕೊಂಡು ಬಂದವರಂತೂ ಇಲ್ಲವೇ ಇಲ್ಲ. ಆ ಒರಟು ಸಾಮಗ್ರಿಯಿಂದ ಸಾಧ್ಯವಾದಷ್ಟು ಸುಸಂಬದ್ಧವಾದ ದೃಶ್ಯವನ್ನು ಮಿದುಳಿನ ಮುಂಭಾಗ ಕಟ್ಟುತ್ತದೆ, ಅದಕ್ಕೆ ಬೇಕಾದುದನ್ನು ನೆನಪಿನಿಂದ ಎತ್ತಿಕೊಳ್ಳುತ್ತದೆ. ಹಾಗಿದ್ದರೆ ಕಾರಿಡಾರ್ ಯಾರದು? ನಿಮ್ಮದೇ. ಹಿಂದೆ ಬಂದವರನ್ನು ಒದಗಿಸಿದ್ದೂ ನಿಮ್ಮದೇ ಭಯ, ನಿಮ್ಮದೇ ನೆನಪು. ಹಾಬ್ಸನ್ ತಳ್ಳಿಹಾಕಿದ್ದು ವೇಷವನ್ನು, ಅರ್ಥವನ್ನಲ್ಲ. ಕನಸಿನ ಅರ್ಥ ಮೇಲ್ಮೈಯಲ್ಲಿಯೇ ಕಾಣುವಂತಿರುತ್ತದೆ, ಗೂಢಲಿಪಿ ಬಿಡಿಸುವವರು ಬೇಕಿಲ್ಲ ಎಂಬುದು ಅವರ ನಿಲುವು.

ಈ ಕಟ್ಟುವಿಕೆಗೂ ಕಟ್ಟಳೆಯಿದೆ ಎಂಬುದು ನನಗೆ ಬಹಳ ಪ್ರಿಯವಾದ ಸಂಗತಿ. 1994ರಲ್ಲಿ ಹಾಬ್ಸನ್ ಮತ್ತು ಸಹೋದ್ಯೋಗಿಗಳು ಕನಸಿನ ವರದಿಗಳಲ್ಲಿ ಒಂದು ಇನ್ನೊಂದಾಗಿ ಮಾರ್ಪಡುವ ಕ್ಷಣಗಳನ್ನು ಹುಡುಕಿ ನೋಡಿದರು. ವಸ್ತು ಇನ್ನೊಂದು ವಸ್ತುವಾಗುತ್ತದೆ, ವ್ಯಕ್ತಿ ಇನ್ನೊಬ್ಬ ವ್ಯಕ್ತಿಯಾಗುತ್ತಾನೆ. ವ್ಯಕ್ತಿ ವಸ್ತುವಾಗಿ ಮಾರ್ಪಡುವುದು ಅವರಿಗೆ ಸಿಗಲಿಲ್ಲ. ಬರೀ ಗದ್ದಲವಾಗಿದ್ದರೆ ಇಂಥ ಗೆರೆ ಉಳಿಯುತ್ತಿತ್ತೇ?

ಮೂರನೆಯದು “ಸಾಬೀತುಪಡಿಸಿದೆ.” ಹಾಬ್ಸನ್ ಅವರ ಸಿದ್ಧಾಂತ ಕನಸನ್ನು ರೆಮ್ ನಿದ್ದೆಗೆ ಕಟ್ಟಿತ್ತು. ಆದರೆ ರೆಮ್ ಅಲ್ಲದ ನಿದ್ದೆಯಿಂದ ಎಬ್ಬಿಸಿದಾಗಲೂ ಜನ ಕನಸು ಹೇಳುತ್ತಾರೆಂದು ಮನೋವಿಜ್ಞಾನಿ ಡೇವಿಡ್ ಫೌಕ್ಸ್ 1960ರ ದಶಕದಲ್ಲಿಯೇ ತೋರಿಸಿದ್ದರು. ಇದಕ್ಕಿಂತ ಗಟ್ಟಿಯಾದ ಪೆಟ್ಟು ನರಮನೋವಿಜ್ಞಾನಿ ಮಾರ್ಕ್ ಸೋಲ್ಮ್ಸ್ ಅವರ ರೋಗಿಗಳಿಂದ ಬಂತು. ಮಿದುಳಿನ ಮುಂಭಾಗದ ಆಳದಲ್ಲಿ ಅಥವಾ ಹಿಂಬದಿಯ ಪರೈಟಲ್ ಪ್ರದೇಶದಲ್ಲಿ ಹಾನಿಯಾದ ಕೆಲವರು ಕನಸು ಕಾಣುವುದೇ ನಿಂತುಹೋಯಿತು ಎಂದರು, ಪಾನ್ಸ್‌ಗೆ ಯಾವ ಪೆಟ್ಟೂ ಬಿದ್ದಿರಲಿಲ್ಲ. ಕೆಳಗಿನಿಂದ ಸಂಕೇತ ಬಂದರೆ ಸಾಕು ಎನ್ನುವ ಸರಳ ರೂಪಕ್ಕೆ ಇದು ಒಗ್ಗುವುದಿಲ್ಲ. ಹಾಬ್ಸನ್ ಅವರೇ ಮುಂದೆ ತಮ್ಮ ಮಾದರಿಯನ್ನು ತಿದ್ದಿ ವಿಸ್ತರಿಸಿದರು. ಚರ್ಚೆ ಇನ್ನೂ ನಡೆದಿರುವಾಗ “ಸಾಬೀತು” ಎಂದರೆ ಅದನ್ನು ನಡೆಸುತ್ತಿರುವವರಿಗೆಲ್ಲ ಅನ್ಯಾಯ.

ಈ ಮೂರು ವಾಕ್ಯಗಳನ್ನು ಹೊಡೆದುಹಾಕಿ. ಕಾಲು ಏಳದಿದ್ದುದು ಹೇಗಿತ್ತು, ಭಾರವೋ, ಕಟ್ಟಿಹಾಕಿದಂತೆಯೋ, ಮೊದಲು ಓಡಿ ಆಮೇಲೆ ನಿಂತಿತೋ, ಅದನ್ನು ಇನ್ನಷ್ಟು ಬಿಡಿಸಿ ಬರೆಯಿರಿ. ಸ್ನಾಯುಗಳ ಮಾತು ಇರಲಿ, “ಕಾರಣವಿರಬಹುದು” ಎಂಬಷ್ಟಕ್ಕೆ. ಸೋಲ್ಮ್ಸ್ ಅವರ ರೋಗಿಗಳಿಗೆ ಒಂದಿಡೀ ಪ್ಯಾರಾ ಕೊಡಿ, ಅದನ್ನು ಲೇಖನದ ಕೊನೆಗೆ ತಳ್ಳದೆ ಹಾಬ್ಸನ್ ಅವರ ಪಕ್ಕದಲ್ಲಿಯೇ ಇಡಿ. ಮರಳಿ ಕಳುಹಿಸಿದರೆ ಖಂಡಿತ ಓದುತ್ತೇನೆ.