10 ಮೀಟರ್ ಎಲ್ಇಡಿ ಸ್ಟ್ರಿಪ್, ಕೊನೆಯಲ್ಲಿ ಬೆಳಕು ಮಂಕು

"12 ವೋಲ್ಟಿನ 5 ಮೀಟರ್ ರೋಲ್ ಎರಡನ್ನು ಜೋಡಿಸಿ ಫಾಲ್ಸ್ ಸೀಲಿಂಗಿಗೆ ಹಾಕಿದ್ದೇನೆ. ಕೊನೆಯಲ್ಲಿ ಬೆಳಕು ಮಂಕು. ದೊಡ್ಡ ಡ್ರೈವರ್ ಹಾಕಬೇಕಾ?"

ಡ್ರೈವರ್ ದೊಡ್ಡದು ಮಾಡಿದರೆ ಸಾಲದು. ಸ್ಟ್ರಿಪ್‌ನೊಳಗಿನ ತಾಮ್ರದ ಪಟ್ಟಿ ತೀರಾ ತೆಳು, ದಾರಿಯಲ್ಲೇ ವೋಲ್ಟೇಜ್ ಕಳೆದುಹೋಗುತ್ತಿದೆ. ಲೈಟ್ ಉರಿಯುವಾಗಲೇ ಮಲ್ಟಿಮೀಟರ್ ಹಿಡಿದು ಎರಡೂ ತುದಿ ನೋಡಿ. ಶುರುವಿನಲ್ಲಿ 12 ಇದ್ದು ಕೊನೆಯಲ್ಲಿ 10ರ ಆಸುಪಾಸು ಬಂದರೆ ಇದೇ ಕಾರಣ. ಶುರುವಿನಲ್ಲೇ ಕಮ್ಮಿ ಇದ್ದರೆ ಮಾತ್ರ ಡ್ರೈವರ್ ಅಥವಾ ಅದರ ವೈರ್ ಮೇಲೆ ಅನುಮಾನ ಪಡಿ.

ಮೊದಲು ಎರಡು ರೋಲ್‌ಗಳ ನಡುವಿನ ಜೋಡಣೆ ಬಿಚ್ಚಿ. ಡ್ರೈವರನ್ನು ಅದೇ ಜಾಗಕ್ಕೆ, ಅಂದರೆ ನಡುವಿಗೆ ತಂದು, ಎರಡೂ ಕಡೆಗೆ ಬೇರೆ ಬೇರೆ 1.5 ಚದರ ಮಿ.ಮೀ. ವೈರ್ ಕೊಡಿ. ಪ್ಲಸ್, ಮೈನಸ್ ಅದಲುಬದಲಾಗದಂತೆ ನೋಡಿಕೊಳ್ಳಿ.

ಸ್ಟ್ರಿಪ್ ಎಷ್ಟು ವ್ಯಾಟಿನದು ಅಂತ ನೀವು ಬರೆದಿಲ್ಲ, ರೋಲ್ ಮೇಲೆ ಇರುತ್ತದೆ. ಮೀಟರಿಗೆ 9.6 ವ್ಯಾಟ್ ಅಂತಿಟ್ಟುಕೊಂಡರೆ ಒಟ್ಟು 96 ವ್ಯಾಟ್, 8 ಆಂಪಿಯರ್. ಡ್ರೈವರ್ ಸದಾ ಪೂರ್ತಿ ಹೊರೆಯಲ್ಲಿ ಬಿಸಿಯಾಗಬಾರದು ಅಲ್ವಾ, ಹಾಗಾಗಿ 12 ವೋಲ್ಟಿನ 120 ವ್ಯಾಟ್ ಡ್ರೈವರ್ ತನ್ನಿ.

ಕೆಲವರು ಡ್ರೈವರಿನ ಸ್ಕ್ರೂ ತಿರುಗಿಸಿ ವೋಲ್ಟೇಜ್ ಏರಿಸುತ್ತಾರೆ. ದಯವಿಟ್ಟು ಬೇಡ, ಶುರುವಿನ ಎಲ್ಇಡಿಗಳು ಜಾಸ್ತಿ ಬಿಸಿಯಾಗಿ ಬೇಗ ಹೋಗುತ್ತವೆ. ಡ್ರೈವರನ್ನು ನಡುವೆ ಇಡಲು ಜಾಗವೇ ಇಲ್ಲದಿದ್ದರೆ ಅದು ಇರುವಲ್ಲಿಂದಲೇ ಎರಡನೇ ರೋಲ್‌ಗೆ 2.5 ಚದರ ಮಿ.ಮೀ. ವೈರನ್ನು ಬೇರೆಯಾಗಿ ಎಳೆಯಿರಿ.