ಕೋಕಾ ಕೇಸಿನಲ್ಲಿ ಬೇಲ್ ಯಾಕೆ ಇಷ್ಟು ಕಷ್ಟ?

“ತಮ್ಮನ ಮೇಲೆ ಕೋಕಾ ಹಾಕಿ ಹಿಂಡಲಗಾ ಜೈಲಿಗೆ ಕಳಿಸಿದ್ದಾರೆ. ಗ್ಯಾಂಗಿನವರಿಗೆ ಕಾರು ಕೊಟ್ಟದ್ದಷ್ಟೇ ತಪ್ಪು. ಬೇಲ್ ಯಾಕೆ ಸಿಗುತ್ತಿಲ್ಲ?”

ಅಕ್ಕಾ, ಕೋಕಾ ಅಂದರೆ ಗ್ಯಾಂಗುಗಳ ಸಂಘಟಿತ ಅಪರಾಧಕ್ಕೆಂದೇ ಇರುವ ಕರ್ನಾಟಕದ ಕಾನೂನು. ಮಾಮೂಲಿ ಕೇಸಿನಲ್ಲಿ ಆರೋಪಿ ಓಡಿಹೋಗುತ್ತಾನಾ, ಸಾಕ್ಷಿಗಳನ್ನು ಹೆದರಿಸುತ್ತಾನಾ ಎಂದು ಮುಖ್ಯವಾಗಿ ನೋಡುತ್ತಾರೆ. ಕೋಕಾದಲ್ಲಿ ಸರ್ಕಾರಿ ವಕೀಲರು ವಿರೋಧಿಸಿದರೆ ಇನ್ನೂ ಎರಡು ಮಾತು ಜಡ್ಜ್‌ಗೆ ಮನವರಿಕೆ ಆಗಬೇಕು: ಇವನು ತಪ್ಪಿತಸ್ಥನಲ್ಲ ಎನ್ನಲು ಆಧಾರವಿದೆ, ಹೊರಗೆ ಬಂದರೆ ಮತ್ತೆ ಅಪರಾಧ ಮಾಡುವುದಿಲ್ಲ. ವಿಚಾರಣೆಗೆ ಮುಂಚೆ ಇದನ್ನು ತೋರಿಸುವುದು ಸುಮ್ನೆ ಮಾತಲ್ಲ. ಭಯೋತ್ಪಾದನೆ ತಡೆಯುವ ಕೇಂದ್ರದ ಕಾನೂನು ಯುಎಪಿಎಯಲ್ಲಂತೂ ಪೊಲೀಸರ ಕಾಗದ ಓದಿ ಆರೋಪ ಮೇಲ್ನೋಟಕ್ಕೆ ನಿಜ ಅನ್ನಿಸಿದರೆ ಬೇಲ್ ಇಲ್ಲ.

ನಿಮ್ಮ ತಮ್ಮನ ಕೇಸಿನಲ್ಲಿ ಕಾರಿಗಿಂತ, ಅದು ಯಾಕೆ ಬೇಕಿತ್ತೆಂದು ಅವನಿಗೆ ಗೊತ್ತಿತ್ತಾ ಎನ್ನುವುದೇ ಮುಖ್ಯ. ಬಾಡಿಗೆ ರಸೀದಿ ಇದ್ದು, ಗ್ಯಾಂಗಿನವರ ಜೊತೆ ಬೇರೆ ಫೋನ್ ಕರೆ, ಹಣದ ವ್ಯವಹಾರ ಏನೂ ಇಲ್ಲದಿದ್ದರೆ ವಾದಕ್ಕೆ ಬಲ. ಅವನ ಹಳೆಯ ಕೇಸುಗಳಿದ್ದರೆ ಎರಡನೇ ಷರತ್ತು ಜಾಸ್ತಿ ಕಾಡುತ್ತದೆ.

ದಿನ ಎಣಿಸಿಡಿ. 90 ದಿನದಲ್ಲಿ ಚಾರ್ಜ್‌ಶೀಟ್ ಬರದಿದ್ದರೆ ಬೇಲ್ ಕೇಳುವ ಹಕ್ಕಿದೆ. ಆದರೆ ಸರ್ಕಾರಿ ವಕೀಲರು ಕಾರಣ ಕೊಟ್ಟು ವರದಿ ಹಾಕಿದರೆ ಕೋರ್ಟ್ ಇದನ್ನು 180ರವರೆಗೆ ಬೆಳೆಸಬಹುದು. ಗಡುವು ಮುಗಿದ ಕೂಡಲೇ, ಚಾರ್ಜ್‌ಶೀಟ್ ಬರುವ ಮುಂಚೆಯೇ ಅರ್ಜಿ ಹಾಕಿಸಿ. ಆಮೇಲೆ ಆ ಹಕ್ಕು ಉಳಿಯುವುದಿಲ್ಲ.